ಎಲೆಕ್ಟ್ರಾನ್ ಬೀಜಕೇಂದ್ರಕ್ಕೆ ಬೀಳುವುದಿಲ್ಲವೇಕೆ?

ಶಾಲೆಯ ಪುಸ್ತಕಗಳಲ್ಲಿ ಪರಮಾಣು ಪುಟ್ಟ ಸೌರಮಂಡಲದಂತೆ ಕಾಣುತ್ತದೆ. ನಡುವೆ ಬೀಜಕೇಂದ್ರ, ಸುತ್ತಲೂ ಗ್ರಹಗಳ ಹಾಗೆ ಸುತ್ತುವ ಎಲೆಕ್ಟ್ರಾನ್‌ಗಳು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಚಿನ್ನದ ತೆಳು ಹಾಳೆಯ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದಾಗ ಹೆಚ್ಚಿನವು ದಾಟಿಹೋಗಿ, ಎಲ್ಲೋ ಕೆಲವು ಮಾತ್ರ ಹಿಂದಕ್ಕೆ ಚಿಮ್ಮಿದ್ದವು. ಪರಮಾಣುವಿನ ಬಹುಪಾಲು ದ್ರವ್ಯರಾಶಿ ನಡುವಿನ ಅತಿ ಚಿಕ್ಕ ಜಾಗದಲ್ಲಿದೆ ಎಂದು 1911ರಲ್ಲಿ ಅರ್ನೆಸ್ಟ್ ರುದರ್‌ಫೋರ್ಡ್ ಇದರಿಂದ ತೀರ್ಮಾನಿಸಿದರು. ಆ ಮಾತು ಇಂದಿಗೂ ನಿಜ. ತೊಡಕಿರುವುದು ಎಲೆಕ್ಟ್ರಾನಿನ ಸುತ್ತಾಟದಲ್ಲಿ.

ಎಲೆಕ್ಟ್ರಾನಿಗೆ ವಿದ್ಯುದಾವೇಶವಿದೆ. ಆವೇಶವುಳ್ಳ ಕಣ ದಿಕ್ಕು ಬದಲಿಸಿದಾಗಲೆಲ್ಲ ಬೆಳಕಿನ ಅಲೆಗಳನ್ನು ಸೂಸಿ ಶಕ್ತಿ ಕಳೆದುಕೊಳ್ಳಬೇಕೆಂಬುದು ಹಳೆಯ ಭೌತವಿಜ್ಞಾನದ ನಿಯಮ. ಸುತ್ತುವುದೆಂದರೆ ಕ್ಷಣಕ್ಷಣವೂ ದಿಕ್ಕು ಬದಲಿಸುವುದೇ ಅಲ್ಲವೇ? ಹಾಗಾದರೆ ಹೈಡ್ರೋಜನ್ನಿನ ಎಲೆಕ್ಟ್ರಾನ್ ಶಕ್ತಿ ಕಳೆದುಕೊಳ್ಳುತ್ತ, ಸುರುಳಿ ಸುತ್ತುತ್ತ, ಸೆಕೆಂಡಿನ ಸುಮಾರು ಹತ್ತು ಸಾವಿರ ಕೋಟಿಯಲ್ಲಿ ಒಂದು ಪಾಲಿನೊಳಗೆ ಬೀಜಕೇಂದ್ರಕ್ಕೆ ಬಿದ್ದುಬಿಡಬೇಕು. ಬೀಳುವಾಗ ಎಲ್ಲ ಬಣ್ಣಗಳೂ ಒಂದರೊಳಗೊಂದು ಬೆರೆತ ಬೆಳಕು ಹೊಮ್ಮಬೇಕು. ಆದರೆ ಪರಮಾಣುಗಳು ಕುಸಿಯುವುದಿಲ್ಲ. ಹೈಡ್ರೋಜನ್ ಅನಿಲದ ದೀಪದ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿದರೆ ಕಾಣುವುದು ಕೆಲವೇ ಬಿಡಿ ಗೆರೆಗಳು.

1913ರಲ್ಲಿ ಡೆನ್ಮಾರ್ಕಿನ ನೀಲ್ಸ್ ಬೋರ್ ಒಂದು ದಾರಿ ಸೂಚಿಸಿದರು. ಎಲೆಕ್ಟ್ರಾನಿಗೆ ಕೆಲವು ನಿಶ್ಚಿತ ಶಕ್ತಿಮಟ್ಟಗಳು ಮಾತ್ರ ಉಂಟು. ಮೇಲಿನಿಂದ ಕೆಳಕ್ಕೆ ಜಿಗಿದಾಗಷ್ಟೇ ಬೆಳಕು ಹೊರಡುತ್ತದೆ ಎಂದರು. ಹೈಡ್ರೋಜನ್ನಿನ ಮೂರನೆಯ ಮಟ್ಟಕ್ಕೂ ಎರಡನೆಯ ಮಟ್ಟಕ್ಕೂ ಇರುವ ಅಂತರ 1.89 ಎಲೆಕ್ಟ್ರಾನ್ ವೋಲ್ಟ್. ಅಷ್ಟು ಶಕ್ತಿಯ ಬೆಳಕಿನ ಅಲೆಯುದ್ದ 656 ನ್ಯಾನೊಮೀಟರ್. ಹೈಡ್ರೋಜನ್ನಿನ ಕೆಂಪು ಗೆರೆ ಇರುವುದು ಸರಿಯಾಗಿ ಅಲ್ಲಿಯೇ! ಆದರೆ ಎರಡೇ ಎಲೆಕ್ಟ್ರಾನ್‌ಗಳಿರುವ ಹೀಲಿಯಮ್ಮಿಗೆ ಬಂದಾಗ ಈ ಲೆಕ್ಕ ಸೋತಿತು. ಮೇಲಾಗಿ, ಕೆಳಗಿನ ಮಟ್ಟದಲ್ಲಿ ಎಲೆಕ್ಟ್ರಾನ್ ಸುತ್ತುತ್ತಲೇ ಇದ್ದರೂ ಬೆಳಕು ಸೂಸುವುದಿಲ್ಲವೇಕೆ ಎಂಬುದಕ್ಕೆ ಬೋರ್ ಅವರಲ್ಲಿ ಕಾರಣವಿರಲಿಲ್ಲ.

ಕಾರಣ ಸಿಕ್ಕಿದ್ದು ಕಕ್ಷೆಯನ್ನೇ ಕೈಬಿಟ್ಟಾಗ. ಕಣಗಳಿಗೂ ಅಲೆಯ ಗುಣವಿದೆ ಎಂದು 1924ರಲ್ಲಿ ಫ್ರಾನ್ಸಿನ ಲೂಯಿ ದ ಬ್ರಾಯ್ ಹೇಳಿದರು. 1926ರಲ್ಲಿ ಎರ್ವಿನ್ ಶ್ರೋಡಿಂಗರ್ ಆ ಅಲೆಯ ಸಮೀಕರಣ ಬರೆದರು. ಅಲೆ ಎಲ್ಲಿ ಪ್ರಬಲವೋ ಅಲ್ಲಿ ಎಲೆಕ್ಟ್ರಾನ್ ಸಿಗುವ ಸಂಭವ ಹೆಚ್ಚು ಎಂದು ಅದೇ ವರ್ಷ ಮ್ಯಾಕ್ಸ್ ಬಾರ್ನ್ ಅರ್ಥ ವಿವರಿಸಿದರು. ಈ ಸಂಭವದ ಹರಹನ್ನೇ ಎಲೆಕ್ಟ್ರಾನ್ ಮೋಡ ಎನ್ನುತ್ತಾರೆ.

ಅಲೆಯನ್ನು ಚಿಕ್ಕ ಜಾಗಕ್ಕೆ ಅದುಮಿದಷ್ಟೂ ಅದರ ಚಲನಶಕ್ತಿ ಏರುತ್ತದೆ. ಬೀಜಕೇಂದ್ರ ಎಲೆಕ್ಟ್ರಾನನ್ನು ಒಳಕ್ಕೆ ಸೆಳೆಯುತ್ತದೆ. ಕಿರಿದಾಗಲು ತೆರಬೇಕಾದ ಈ ಶಕ್ತಿ ಅದನ್ನು ತಡೆಯುತ್ತದೆ. ಎರಡೂ ಸರಿದೂಗಿ ಒಟ್ಟು ಶಕ್ತಿ ಅತಿ ಕಡಿಮೆಯಾಗುವುದು ಮೋಡ ಸುಮಾರು 0.05 ನ್ಯಾನೊಮೀಟರ್ ಹರಡಿದಾಗ. ಅದಕ್ಕಿಂತ ಕೆಳಗಿನ ಮಟ್ಟವೇ ಇಲ್ಲದ ಕಾರಣ ಎಲೆಕ್ಟ್ರಾನ್ ಇನ್ನೂ ಶಕ್ತಿ ಕಳೆದುಕೊಂಡು ಹೋಗುವುದಕ್ಕೆ ಎಡೆಯಿಲ್ಲ. ಆ ಸ್ಥಿತಿಯಲ್ಲಿ ಮೋಡ ಎಲ್ಲ ದಿಕ್ಕಿಗೂ ಒಂದೇ ಸಮನೆ ಹರಡಿರುತ್ತದೆ. ಎಲೆಕ್ಟ್ರಾನ್ ಬೀಜಕೇಂದ್ರವನ್ನು ಸುತ್ತುತ್ತಲೇ ಇರುವುದಿಲ್ಲ.