ತಂತಿಯ ಬಿಗಿತ ದುಪ್ಪಟ್ಟಾದರೆ ಸ್ವರವೂ ದುಪ್ಪಟ್ಟಾಗುತ್ತದೆಯೇ? ಗ್ರಾಫ್ ಹಾಕಿ ನೋಡೋಣ

ವೀಣೆಯ ಬಿರಡೆ ತಿರುಗಿಸಿ ತಂತಿ ಬಿಗಿ ಮಾಡಿದರೆ ಸ್ವರ ಏರುತ್ತದೆ. ಇದು ಎಲ್ಲರಿಗೂ ಗೊತ್ತು. ಹಾಗಾದರೆ ಬಿಗಿತವನ್ನು ಎರಡು ಪಟ್ಟು ಮಾಡಿದರೆ ತಂತಿ ಸೆಕೆಂಡಿಗೆ ಎರಡು ಪಟ್ಟು ಸಲ ಕಂಪಿಸುತ್ತದೆಯೇ? ಹಲವರು ಹೌದು ಎಂದುಕೊಂಡಿದ್ದಾರೆ. ಆದರೆ ಅದು ತಪ್ಪು. ಫ್ರಾನ್ಸಿನ ಮರಿನ್ ಮರ್ಸೆನ್ 1636ರಲ್ಲೇ ತಂತಿಯ ನಿಯಮಗಳನ್ನು ಪ್ರಕಟಿಸಿದ್ದರು. ಬಿಗಿತ ನಾಲ್ಕು ಪಟ್ಟಾದಾಗ ಮಾತ್ರ ಕಂಪನ ಎರಡು ಪಟ್ಟಾಗುತ್ತದೆ.

ಕಾಲೇಜಿನ ಪ್ರಯೋಗಾಲಯದಲ್ಲಿರುವ ಸೊನೊಮೀಟರ್‌ನಲ್ಲಿ ಇದನ್ನು ಪರೀಕ್ಷಿಸಬಹುದು. ಉದ್ದನೆಯ ಮರದ ಪೆಟ್ಟಿಗೆಯ ಮೇಲೆ ಉಕ್ಕಿನ ತಂತಿ ಎಳೆದಿರುತ್ತಾರೆ. ಅದರ ಒಂದು ತುದಿ ರಾಟೆಯ ಮೇಲಿನಿಂದ ಇಳಿದು ತೂಕಗಳನ್ನು ಹೊತ್ತಿರುತ್ತದೆ. ತಂತಿಯ ಕೆಳಗಿನ ಎರಡು ಆಧಾರಗಳ ನಡುವಿನ ಭಾಗ ಮಾತ್ರ ಕಂಪಿಸುತ್ತದೆ. ಇಲ್ಲಿ ನಿಯಮ ಹೀಗಿದೆ:

f² = T / (4L²μ)

f ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಆವೃತ್ತಿ. T ತಂತಿಯ ಎಳೆತ. L ಕಂಪಿಸುವ ಭಾಗದ ಉದ್ದ. μ ಎಂದರೆ ಒಂದು ಮೀಟರ್ ತಂತಿಯ ದ್ರವ್ಯರಾಶಿ.

f ಮತ್ತು T ಇಟ್ಟು ಗ್ರಾಫ್ ಹಾಕಿದರೆ ಬಾಗಿದ ಗೆರೆ ಬರುತ್ತದೆ. ಅದು ಸರಿಯಾದ ಬಾಗೇ ಅಲ್ಲವೇ ಎಂದು ಕಣ್ಣಿನಿಂದ ಹೇಳಲಾಗದು. ಆದರೆ f ಬದಲು ಅದರ ವರ್ಗ f² ಅನ್ನು ಮೇಲ್ಮುಖ ಅಕ್ಷದಲ್ಲಿ, T ಅನ್ನು ಅಡ್ಡ ಅಕ್ಷದಲ್ಲಿ ಇಟ್ಟರೆ ನೇರ ಗೆರೆ ಸಿಗುತ್ತದೆ. ಗೆರೆ ನೇರವಾಗಿದೆಯೇ ಎಂದು ಸ್ಕೇಲ್ ಇಟ್ಟು ನೋಡಿದರೆ ಸಾಕು. ಅದರ ಇಳಿಜಾರೇ 1/(4L²μ). ಅದರಿಂದ μ ಸಿಗುತ್ತದೆ.

ಒಂದು ಲೆಕ್ಕ ಮಾಡೋಣ. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ತಂತಿ ತೆಗೆದುಕೊಂಡು L ಅನ್ನು 0.5 ಮೀಟರ್‌ಗೆ ಇಡೋಣ. ಆಗ 4L² ಸರಿಯಾಗಿ 1 ಆಗುತ್ತದೆ, ಲೆಕ್ಕ ಹಗುರ. ತಂತಿಯನ್ನು ಮಧ್ಯದಲ್ಲಿ ಮೆಲ್ಲಗೆ ಮೀಟಿ, ಫೋನಿನಲ್ಲಿ phyphox ನಂತಹ ಆ್ಯಪ್‌ನಿಂದ ಆವೃತ್ತಿ ಓದಬಹುದು. ಇಂಥ ತಂತಿಗೆ ಓದುಗಳು ಸುಮಾರು ಹೀಗೆ ಬರುತ್ತವೆ:

- 2 ಕೆ.ಜಿ. (19.6 ನ್ಯೂಟನ್): 113 ಹರ್ಟ್ಜ್, ವರ್ಗ 12769
- 4 ಕೆ.ಜಿ. (39.2 ನ್ಯೂಟನ್): 160 ಹರ್ಟ್ಜ್, ವರ್ಗ 25600
- 6 ಕೆ.ಜಿ. (58.8 ನ್ಯೂಟನ್): 195 ಹರ್ಟ್ಜ್, ವರ್ಗ 38025
- 8 ಕೆ.ಜಿ. (78.4 ನ್ಯೂಟನ್): 226 ಹರ್ಟ್ಜ್, ವರ್ಗ 51076

ತೂಕ 2ರಿಂದ 4 ಕೆ.ಜಿ.ಗೆ ಏರಿದಾಗ ಆವೃತ್ತಿ 113ರಿಂದ 160ಕ್ಕಷ್ಟೇ ಏರಿದೆ. ಅದು ದುಪ್ಪಟ್ಟಾಗಲು 8 ಕೆ.ಜಿ. ಬೇಕಾಯಿತು. ನಾಲ್ಕು ಚುಕ್ಕೆಗಳ ಮೂಲಕ ಗೆರೆ ಎಳೆದರೆ ಇಳಿಜಾರು ಸುಮಾರು 651. ಆದ್ದರಿಂದ μ = 1/651, ಅಂದರೆ ಮೀಟರಿಗೆ ಸುಮಾರು 1.54 ಗ್ರಾಂ. ಅದೇ ತಂತಿಯ ಒಂದು ಮೀಟರ್ ತುಂಡನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ ತಾಳೆ ನೋಡಬಹುದು.

ಒಂದೇ ಓದನ್ನು ಸೂತ್ರಕ್ಕೆ ಹಾಕಿದರೂ μ ಬರುತ್ತದಲ್ಲ, ಗ್ರಾಫ್ ಏಕೆ? ಏಕೆಂದರೆ ಗ್ರಾಫ್ ನಮ್ಮ ತಪ್ಪನ್ನು ತೋರಿಸಿಕೊಡುತ್ತದೆ. ತೂಕ ನೇತುಹಾಕುವ ಕೊಕ್ಕೆಯೇ ಅರ್ಧ ಕೆ.ಜಿ. ಇದ್ದು, ಅದನ್ನು ಲೆಕ್ಕಕ್ಕೆ ಸೇರಿಸಲು ಮರೆತೆವು ಎನ್ನೋಣ. 2 ಕೆ.ಜಿ.ಯ ಒಂದೇ ಓದನ್ನು ನಂಬಿದರೆ ಉತ್ತರ ಶೇ. 20ರಷ್ಟು ಕಡಿಮೆ ಬರುತ್ತದೆ, ತಪ್ಪಾಗಿದೆ ಎಂಬ ಸುಳಿವೂ ಸಿಗುವುದಿಲ್ಲ. ಗ್ರಾಫಿನಲ್ಲಾದರೆ ಗೆರೆ ಸೊನ್ನೆಯ ಮೂಲಕ ಹಾಯುವುದಿಲ್ಲ. ಅದನ್ನು ಹಿಂದಕ್ಕೆ ಎಳೆದರೆ ಅಡ್ಡ ಅಕ್ಷವನ್ನು ಸೊನ್ನೆಯ ಎಡಕ್ಕೆ 4.9 ನ್ಯೂಟನ್ ದೂರದಲ್ಲಿ ಮುಟ್ಟುತ್ತದೆ. ಅದೇ ಮರೆತ ಕೊಕ್ಕೆಯ ತೂಕ! ಇಳಿಜಾರು ಮಾತ್ರ ಬದಲಾಗದ ಕಾರಣ μ ಸರಿಯಾಗಿಯೇ ಬರುತ್ತದೆ.

ಒಂದು ಚುಕ್ಕೆ ಮಾತ್ರ ಗೆರೆಯಿಂದ ಬಹಳ ಮೇಲೆ, ಇರಬೇಕಾದ ಎತ್ತರದ ನಾಲ್ಕು ಪಟ್ಟು ಕಂಡರೆ, ಆ್ಯಪ್ ಮೂಲ ಸ್ವರದ ಬದಲು ಅದರ ಎರಡು ಪಟ್ಟಿನ ಮೇಲಿನ ಸ್ವರವನ್ನು ಹಿಡಿದಿದೆ ಎಂದರ್ಥ. ಆ ಓದನ್ನು ಮತ್ತೆ ತೆಗೆದುಕೊಳ್ಳಬೇಕು.

ಆದರೆ ಗ್ರಾಫ್‌ಗೂ ಕಾಣದ ತಪ್ಪುಗಳಿವೆ. L ಅಳೆಯುವಾಗ ಶೇ. 1ರಷ್ಟು ತಪ್ಪಿದರೆ, ಅದು ವರ್ಗವಾಗುವುದರಿಂದ μ ಶೇ. 2ರಷ್ಟು ತಪ್ಪುತ್ತದೆ. ರಾಟೆ ಸರಾಗವಾಗಿ ತಿರುಗದೆ ಎಳೆತದ ಒಂದು ಪಾಲನ್ನು ನುಂಗಿದರೆ μ ನಿಜಕ್ಕಿಂತ ಹೆಚ್ಚು ಬರುತ್ತದೆ. ಎರಡೂ ಸಂದರ್ಭದಲ್ಲಿ ಗೆರೆ ನೇರವಾಗಿಯೇ ಇದ್ದು, ಸೊನ್ನೆಯ ಮೂಲಕವೇ ಹಾಯಬಹುದು. ಅದಕ್ಕೇ ಕೊನೆಯಲ್ಲಿ ತಂತಿಯನ್ನು ತಕ್ಕಡಿಯಲ್ಲಿ ತೂಗಿ ನೋಡುವುದನ್ನು ಬಿಡಬಾರದು.

ನೆನಪಿಡಿ: ಬಿಗಿತ ದುಪ್ಪಟ್ಟಾದರೆ ದುಪ್ಪಟ್ಟಾಗುವುದು ಆವೃತ್ತಿಯಲ್ಲ, ಆವೃತ್ತಿಯ ವರ್ಗ.