ತೆರಿಗೆ ಸೇರಿದ ಬೆಲೆಯ ಹಿಮ್ಮುಖ ಲೆಕ್ಕ

ಗಿರಾಕಿ ಕೊಡುವ ಒಟ್ಟು ಮೊತ್ತ ಮೊದಲೇ ಗೊತ್ತಿದ್ದು, ಅದರಲ್ಲಿ ಸರಕಿನ ಬೆಲೆ ಎಷ್ಟು, ತೆರಿಗೆ ಎಷ್ಟು ಎಂದು ಬಿಡಿಸಿ ಬಿಲ್ಲಿನಲ್ಲಿ ತೋರಿಸುವ ಲೆಕ್ಕ. ಸಾಮಾನ್ಯವಾಗಿ ವರ್ತಕರು ಬೆಲೆಯ ಮೇಲೆ ತೆರಿಗೆ ಕೂಡಿಸುತ್ತಾರೆ. “ಟ್ಯಾಕ್ಸೆಲ್ಲ ಸೇರಿ ಇಷ್ಟೇ ಕೊಡೋದು” ಎಂದು ಗಿರಾಕಿ ಪಟ್ಟು ಹಿಡಿದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಪೊಟ್ಟಣದ ಸರಕಿನ ಮೇಲಿನ ಗರಿಷ್ಠ ಮಾರಾಟ ಬೆಲೆಯೂ ಎಲ್ಲ ತೆರಿಗೆಗಳನ್ನು ಒಳಗೊಂಡದ್ದೇ ಆದ್ದರಿಂದ, ಚಿಲ್ಲರೆ ಅಂಗಡಿಯಲ್ಲಿ ಇದು ನಿತ್ಯದ ಲೆಕ್ಕ. ಭಾರತದ ಸರಕು ಮತ್ತು ಸೇವಾ ತೆರಿಗೆ (ಜಿಎಸ್‌ಟಿ) ಪದ್ಧತಿಯಲ್ಲಿ ಇದು ನಡೆಯುವ ಬಗೆಯನ್ನು ಇಲ್ಲಿ ವಿವರಿಸಿದೆ.

ಸೂತ್ರ

2017ರ ಕೇಂದ್ರ ಜಿಎಸ್‌ಟಿ ನಿಯಮಗಳ 35ನೇ ನಿಯಮ ಈ ಸೂತ್ರವನ್ನು ಕೊಡುತ್ತದೆ:

ತೆರಿಗೆ = ತೆರಿಗೆ ಸೇರಿದ ಮೊತ್ತ × ಆ ತೆರಿಗೆಯ ದರ ÷ (100 + ಅನ್ವಯಿಸುವ ದರಗಳ ಒಟ್ಟು)

ಶೇ. 18ರ ದರದ ಕಬ್ಬಿಣದ ಬೀರು ಒಂದನ್ನು ಎಲ್ಲ ಸೇರಿ ₹25,000ಕ್ಕೆ ಒಪ್ಪಿಕೊಂಡರೆ, 25,000 × 18 ÷ 118, ಅಂದರೆ ₹3,813.56 ತೆರಿಗೆ. ಉಳಿದ ₹21,186.44 ತೆರಿಗೆಗೊಳಪಡುವ ಮೌಲ್ಯ. ಕರ್ನಾಟಕದೊಳಗಿನ ಮಾರಾಟವಾದರೆ ತೆರಿಗೆಯನ್ನು ಕೇಂದ್ರ ಮತ್ತು ರಾಜ್ಯದ ಪಾಲಾಗಿ ₹1,906.78ರಂತೆ ತೋರಿಸಬೇಕು.

ಅತಿ ಸಾಮಾನ್ಯ ತಪ್ಪೆಂದರೆ ₹25,000ದಲ್ಲೇ ಶೇ. 18 ಕಳೆಯುವುದು. ಆಗ ತೆರಿಗೆ ₹4,500, ಮೌಲ್ಯ ₹20,500 ಎಂದಾಗುತ್ತದೆ. ₹20,500ಕ್ಕೆ ಶೇ. 18 ಎಂದರೆ ₹3,690 ಮಾತ್ರ. ಬಿಲ್ಲಿನಲ್ಲಿ ₹4,500 ಎಂದು ಬರೆದರೆ ದರ ಸುಮಾರು ಶೇ. 22 ಆದಂತಾಯಿತು. ತಪ್ಪು ಹಿಡಿಯುವ ದಾರಿ ಸುಲಭ: ತೆರಿಗೆಯನ್ನು ಮೌಲ್ಯದಿಂದ ಭಾಗಿಸಿದರೆ ಘೋಷಿತ ದರವೇ ಬರಬೇಕು. ಬಾರದಿದ್ದರೆ ನಷ್ಟ ವರ್ತಕನದೇ. ತೆರಿಗೆ ಎಂದು ಹೇಳಿ ವಸೂಲು ಮಾಡಿದ್ದನ್ನು, ಅದು ಸಲ್ಲಬೇಕಾದ್ದಕ್ಕಿಂತ ಹೆಚ್ಚಿದ್ದರೂ, ಸರ್ಕಾರಕ್ಕೇ ಕಟ್ಟಬೇಕೆಂದು ಕೇಂದ್ರ ಜಿಎಸ್‌ಟಿ ಕಾಯ್ದೆಯ 76ನೇ ಕಲಂ ಹೇಳುತ್ತದೆ.

ಪೈಸೆಯ ತೊಡಕು

ಶೇ. 5ರ ಸರಕಿಗೆ ₹500 ಒಟ್ಟು ಬೆಲೆ ಎಂದಿಟ್ಟುಕೊಳ್ಳೋಣ. ಮೌಲ್ಯವನ್ನು ಮೊದಲು ತೆಗೆದರೆ ₹476.19, ತೆರಿಗೆ ₹23.81. ಇದನ್ನು ಎರಡು ಸಮಪಾಲು ಮಾಡಲಾಗದು: 11.90ರಂತೆ ಬರೆದರೆ ಮೊತ್ತ ₹499.99, 11.91ರಂತೆ ಬರೆದರೆ ₹500.01. ನಿಯಮದ ಸೂತ್ರವನ್ನು ಅಕ್ಷರಶಃ ಅನುಸರಿಸಿದರೆ ಈ ತೊಡಕಿಲ್ಲ. ಅದು ಪ್ರತಿ ತೆರಿಗೆಯನ್ನೂ ಬೇರೆಬೇರೆಯಾಗಿ, ಮೌಲ್ಯಕ್ಕೂ ಮೊದಲು ತೆಗೆಯುತ್ತದೆ: 500 × 2.5 ÷ 105, ಅಂದರೆ ₹11.90. ಎರಡು ಪಾಲು ಸೇರಿ ₹23.80 ಕಳೆದರೆ ಮೌಲ್ಯ ₹476.20, ಮೊತ್ತ ಸರಿಯಾಗಿ ₹500. ಬಿಲ್ಲಿಂಗ್ ತಂತ್ರಾಂಶಗಳಲ್ಲಿ ಒಂದು ಪೈಸೆಯ ‘ರೌಂಡ್ ಆಫ್’ ಸಾಲು ಪದೇಪದೇ ಕಾಣಿಸಿಕೊಂಡರೆ, ಬಹುಮಟ್ಟಿಗೆ ಅದು ಮೌಲ್ಯವನ್ನು ಮೊದಲು ತೆಗೆದದ್ದರ ಕುರುಹು.

ದರ ಬದಲಾಗುವ ಗಡಿ

ಸೂತ್ರಕ್ಕೆ ದರ ಮೊದಲೇ ಗೊತ್ತಿರಬೇಕು. ಆದರೆ ಕೆಲವು ಸರಕುಗಳ ದರ ಮೌಲ್ಯವನ್ನೇ ಅವಲಂಬಿಸಿದೆ. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪಿಗೆ ಒಂದರ ಮಾರಾಟ ಮೌಲ್ಯ ₹2,500 ಮೀರದಿದ್ದರೆ ಶೇ. 5, ಮೀರಿದರೆ ಶೇ. 18. ಈ ಮೌಲ್ಯವನ್ನು ತೆರಿಗೆ ಬಿಟ್ಟು ಎಣಿಸುವುದು ರೂಢಿ.

ಜುಬ್ಬಾ ಒಂದಕ್ಕೆ ಗಿರಾಕಿ “ಕೊನೆಯ ಮಾತು ₹2,800” ಎನ್ನುತ್ತಾನೆ. ಶೇ. 5 ಎಂದು ಹಿಡಿದು ಬಿಡಿಸಿದರೆ ಮೌಲ್ಯ ₹2,666.67, ಇದು ಗಡಿ ದಾಟಿದ್ದರಿಂದ ಶೇ. 5 ಸಲ್ಲದು. ಸರಿ, ಶೇ. 18 ಎಂದು ಹಿಡಿದರೆ ಮೌಲ್ಯ ₹2,372.88; ಇದು ಗಡಿಯೊಳಗೇ ಇರುವುದರಿಂದ ಶೇ. 18 ಸಲ್ಲದು. ಎರಡು ದರಗಳಲ್ಲಿ ಯಾವುದನ್ನು ಹಿಡಿದರೂ ಉತ್ತರ ತನ್ನನ್ನೇ ಅಲ್ಲಗಳೆಯುತ್ತದೆ. ಶೇ. 5ರಲ್ಲಿ ಸಾಧ್ಯವಿರುವ ಅತಿ ಹೆಚ್ಚಿನ ಒಟ್ಟು ಬೆಲೆ ₹2,625, ಶೇ. 18 ಶುರುವಾಗುವುದು ₹2,950 ದಾಟಿದ ಮೇಲೆ. ನಡುವಿನ ₹325ರ ಪಟ್ಟಿಯಲ್ಲಿ ಯಾವ ಬೆಲೆಗೂ ಸುಸಂಗತ ಬಿಲ್ಲು ಇಲ್ಲ. ಗಡಿ ₹1,000 ಇದ್ದು, ದರಗಳು ಶೇ. 5 ಮತ್ತು 12 ಇದ್ದಾಗಲೂ ಇಂಥದೇ ಪಟ್ಟಿ ಇತ್ತು. ಆದರೆ ಅದು ₹1,050ರಿಂದ ₹1,120ರವರೆಗಿನ ₹70 ಅಗಲದ್ದು. ಹೆಚ್ಚಿನವರ ಗಮನಕ್ಕೇ ಬರಲಿಲ್ಲ.

ಇಂಥ ಬೆಲೆಗೆ ಏನು ಮಾಡಬೇಕೆಂದು 35ನೇ ನಿಯಮ ಹೇಳುವುದಿಲ್ಲ. ವಿವಾದಕ್ಕೆ ಎಡೆಗೊಡದ ದಾರಿ, ಬೆಲೆಯನ್ನೇ ಪಟ್ಟಿಯಿಂದ ಹೊರಗೆ ತರುವುದು. ಮಾರುವಾಗಲೇ ಕೊಟ್ಟು ಬಿಲ್ಲಿನಲ್ಲಿ ನಮೂದಿಸಿದ ರಿಯಾಯಿತಿ ಮೌಲ್ಯಕ್ಕೆ ಸೇರುವುದಿಲ್ಲವೆಂದು 15ನೇ ಕಲಂ ಹೇಳುವುದರಿಂದ, ವರ್ತಕ ಇನ್ನಷ್ಟು ಇಳಿಸಿ ₹2,625ಕ್ಕೆ ಬಿಲ್ಲು ಮಾಡಬಹುದು. ಗಿರಾಕಿ ಕೊಡಲು ಸಿದ್ಧನಿದ್ದ ₹175 ಬಿಟ್ಟರೂ ವರ್ತಕನಿಗೆ ಉಳಿಯುವುದು ₹2,500. ಅದೇ ₹2,800ನ್ನು ಶೇ. 18 ಎಂದು ಬಿಡಿಸಿದ್ದರೆ ಉಳಿಯುತ್ತಿದ್ದುದು ₹2,372.88 ಮಾತ್ರ. ಇಲ್ಲಿ ಕಡಿಮೆ ಬೆಲೆಯೇ ಅಂಗಡಿಗೆ ಲಾಭ.

₹2,500ರ ಗಡಿ ಪಾದರಕ್ಷೆಗೂ ಇದೆ. ಬಟ್ಟೆಯೆಂದೇ ವರ್ಗೀಕರಣವಾಗುವ ಸೀರೆಗೆ ಇಲ್ಲ. ಹೋಟೆಲ್ ಕೊಠಡಿಗೆ ದಿನಕ್ಕೆ ₹7,500 ಗಡಿ. ಅಲ್ಲಿನ ದರಗಳೂ ಶೇ. 5 ಮತ್ತು 18 ಆದ್ದರಿಂದ ಪಟ್ಟಿ ₹7,875ರಿಂದ ₹8,850ರವರೆಗೆ ಚಾಚುತ್ತದೆ.

ಒಂದೇ ಬಿಲ್ಲಿನಲ್ಲಿ ಎರಡು ದರ

ಶೇ. 5ರ ಸರಕು ತೆರಿಗೆ ಸೇರಿ ₹4,200, ಶೇ. 18ರ ಸರಕು ₹7,080, ಒಟ್ಟು ₹11,280. ಗಿರಾಕಿ ಎಲ್ಲವನ್ನೂ ₹10,000ಕ್ಕೆ ಮುಗಿಸುತ್ತಾನೆ. ಮೂಲ ಮೌಲ್ಯಗಳಾದ ₹4,000 ಮತ್ತು ₹6,000ವನ್ನು 10,000 ÷ 11,280 ಅನುಪಾತದಲ್ಲಿ ಇಳಿಸಿದರೆ ₹3,546.10 ಮತ್ತು ₹5,319.15. ಅವುಗಳ ತೆರಿಗೆ ₹177.30 ಮತ್ತು ₹957.45. ನಾಲ್ಕೂ ಸೇರಿ ₹10,000. ಇಳಿಕೆಯನ್ನೆಲ್ಲ ಹೆಚ್ಚು ದರದ ಸರಕಿನ ಮೇಲೆ ಹೊರಿಸಿ ತೆರಿಗೆ ಉಳಿಸುವ ಚಾಳಿ ಉಂಟು. ತಪಾಸಣೆಯಲ್ಲಿ ಅದಕ್ಕೆ ಸಮರ್ಥನೆ ಕೊಡುವುದು ಕಷ್ಟ. ಸರಕುಗಳನ್ನು ಒಟ್ಟುಗೂಡಿಸಿ ಒಂದೇ ಬೆಲೆಯ ಕಟ್ಟಾಗಿ ಮಾರಿದರೆ ವಿಷಯವೇ ಬೇರೆ. ಅದು ಮಿಶ್ರ ಪೂರೈಕೆ ಎನಿಸಿದರೆ ಇಡೀ ಮೊತ್ತಕ್ಕೆ ಅತಿ ಹೆಚ್ಚಿನ ದರವೇ ಬೀಳುತ್ತದೆ.

ಹಿನ್ನೆಲೆ

ಸೂತ್ರ ಜಿಎಸ್‌ಟಿಗಿಂತ ಬಹಳ ಹಳೆಯದು. 1956ರ ಕೇಂದ್ರ ಮಾರಾಟ ತೆರಿಗೆ ಕಾಯ್ದೆಗೆ 1969ರಲ್ಲಿ ಸೇರಿಸಿದ 8ಎ ಕಲಂ, ಮಾರಾಟ ಬೆಲೆಗಳ ಒಟ್ಟು ಮೊತ್ತವನ್ನು ದರದಿಂದ ಗುಣಿಸಿ, ನೂರಕ್ಕೆ ದರ ಕೂಡಿಸಿದ ಸಂಖ್ಯೆಯಿಂದ ಭಾಗಿಸಿ ಬಂದದ್ದನ್ನು ವಹಿವಾಟಿನಿಂದ ಕಳೆಯಲು ಅವಕಾಶ ಕೊಟ್ಟಿತು. ತೆರಿಗೆಯನ್ನು ಬೇರೆ ರೀತಿಯಲ್ಲಿ ಆಗಲೇ ಕಳೆದಿದ್ದರೆ ಸೂತ್ರ ಸಲ್ಲದೆಂಬ ಷರತ್ತೂ ಅದರಲ್ಲಿತ್ತು. ಒಂದೇ ತೆರಿಗೆಯನ್ನು ಎರಡು ಸಲ ಕಳೆಯುವ ಜಾಣತನವನ್ನು ಶಾಸನ ಮುಂಗಂಡಿತ್ತೆಂದು ಊಹಿಸಬಹುದು.

ಸೇವಾ ತೆರಿಗೆಯಲ್ಲಿ 1994ರ ಹಣಕಾಸು ಕಾಯ್ದೆಯ 67(2)ನೇ ಕಲಂ ಇದೇ ಕೆಲಸ ಮಾಡುತ್ತಿತ್ತು. ಅಬಕಾರಿ ಸುಂಕದಲ್ಲಿ ಮಾರುತಿ ಉದ್ಯೋಗ್ ಪ್ರಕರಣ (2002) ಮುಖ್ಯವಾದುದು. ಮಾರಿದ ಗುಜರಿಗೆ ಸುಂಕ ಬೀಳುತ್ತದೆಂದು ತೀರ್ಮಾನವಾದಾಗ, ಕೊಂಡವರಿಂದ ಬಂದ ಬೆಲೆಯನ್ನೇ ಸುಂಕ ಸೇರಿದ ಬೆಲೆ ಎಂದು ಸುಪ್ರೀಂ ಕೋರ್ಟ್ ಪರಿಗಣಿಸಿತು. ತೆರಿಗೆ ಬರೆಯದೆ ಹಣ ಪಡೆದ ವರ್ತಕನಿಗೆ ಮುಂದೆ ನೋಟಿಸು ಬಂದಾಗ, ಬೇಡಿಕೆ 18 ÷ 100 ಆಗಬೇಕೋ 18 ÷ 118 ಆಗಬೇಕೋ ಎಂಬ ವಾದದ ಬೇರು ಇಲ್ಲಿದೆ. ಜಿಎಸ್‌ಟಿಯಲ್ಲಿ ಎರಡನೆಯದನ್ನು ಕೇಳಲು 35ನೇ ನಿಯಮ ಆಧಾರವಾಗಬಹುದಾದರೂ, ಒಪ್ಪಂದದಲ್ಲಿ ಬೆಲೆ ‘ತೆರಿಗೆ ಹೊರತುಪಡಿಸಿ’ ಎಂದಿದ್ದರೆ ವಾದ ನಿಲ್ಲುವುದು ಅನುಮಾನ.

ಅನ್ವಯಿಸದವರು

ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕರು ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ. ಅವರು ಕೊಡುವುದು ತೆರಿಗೆ ನಮೂದಿಲ್ಲದ ಪೂರೈಕೆ ಬಿಲ್ಲು. ಪಡೆದ ಮೊತ್ತ ಪೂರ್ತಿ ಅವರ ವಹಿವಾಟೇ ಆಗುವುದರಿಂದ ಅವರಿಗೆ ಹಿಮ್ಮುಖ ಲೆಕ್ಕದ ಪ್ರಸಂಗವೇ ಬರುವುದಿಲ್ಲ.