ಇನ್‌ಕೋಟರ್ಮ್ಸ್ ಆಯ್ಕೆ

ಇನ್‌ಕೋಟರ್ಮ್ಸ್ ಆಯ್ಕೆ ಎಂದರೆ ಸರಕಿನ ಸಾಗಣೆ ವೆಚ್ಚ, ನಷ್ಟದ ಹೊಣೆ ಮತ್ತು ವಿಮೆ ಯಾವ ಹಂತದವರೆಗೆ ರಫ್ತುದಾರನದು, ಎಲ್ಲಿಂದ ಆಮದುದಾರನದು ಎಂಬುದನ್ನು ಮಾರಾಟ ಕರಾರಿನಲ್ಲಿ ಗೊತ್ತುಪಡಿಸುವ ಕ್ರಮ. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ಮೊದಲು ಪ್ರಕಟಿಸಿದ ಈ ನಿಯಮಗಳ 2020ರ ಆವೃತ್ತಿಯಲ್ಲಿ 11 ಷರತ್ತುಗಳಿವೆ. ಅವುಗಳಲ್ಲಿ ನಾಲ್ಕು ಜಲಸಾರಿಗೆಗೆ ಮಾತ್ರ ಅನ್ವಯಿಸುತ್ತವೆ.

ಕಂಟೇನರ್ ಸರಕಿಗೂ ಎಫ್‌ಒಬಿ ಬರೆಯುವುದು ವ್ಯಾಪಕವಾದ ತಪ್ಪು ರೂಢಿ. ಹಾಸನದ ಕಾಫಿ ಮಂಗಳೂರಿನಿಂದ ಇಟಲಿಗೆ ಹೋಗುವಾಗ ರಫ್ತುದಾರ ಕಂಟೇನರನ್ನು ಯಾರ್ಡಿನಲ್ಲೇ ಸಾಗಣೆದಾರನಿಗೆ ಒಪ್ಪಿಸುತ್ತಾನೆ. ಹಡಗಿಗೆ ಏರುವ ಮುನ್ನ ಮಳೆನೀರು ನುಗ್ಗಿ ಚೀಲಗಳು ನೆನೆದರೆ, ಎಫ್‌ಒಬಿ ಪ್ರಕಾರ ನಷ್ಟ ಅವನದೇ. ಸರಕು ಮಾತ್ರ ಅವನ ಹಿಡಿತದಲ್ಲಿಲ್ಲ. ಎಫ್‌ಸಿಎಯಲ್ಲಿ ಯಾರ್ಡನ್ನೇ ಒಪ್ಪಿಸುವ ಸ್ಥಳವೆಂದು ನಮೂದಿಸಿದರೆ ಹೊಣೆ ಅಲ್ಲಿಯೇ ಖರೀದಿದಾರನಿಗೆ ವರ್ಗವಾಗುತ್ತದೆ. ಲೆಟರ್ ಆಫ್ ಕ್ರೆಡಿಟ್‌ಗಾಗಿ ಬ್ಯಾಂಕು ‘ಹಡಗಿಗೇರಿದೆ’ ಎಂಬ ನಮೂದುಳ್ಳ ಬಿಲ್ ಆಫ್ ಲೇಡಿಂಗ್ ಕೇಳಿದರೆ, ಅದನ್ನು ಕೊಡುವಂತೆ ಖರೀದಿದಾರ ಸಾಗಣೆದಾರನಿಗೆ ಸೂಚಿಸಬೇಕೆಂದು ಎಫ್‌ಸಿಎ ಕರಾರಿನಲ್ಲಿ ಸೇರಿಸಲು 2020ರ ಆವೃತ್ತಿ ಅವಕಾಶ ನೀಡಿದೆ.

ಮಾರಾಟಗಾರನೇ ಸಾಗಣೆ ಬಾಡಿಗೆ ಮತ್ತು ವಿಮೆ ಭರಿಸುವುದಾದರೆ ಕಂಟೇನರಿಗೆ ಸಿಐಎಫ್‌ಗಿಂತ ಸಿಐಪಿ ಸೂಕ್ತ. ಎರಡರಲ್ಲೂ ವಿಮೆ ಕನಿಷ್ಠ ಕರಾರು ಬೆಲೆಯ ಶೇ. 110ರಷ್ಟಿರಬೇಕು: 50 ಲಕ್ಷ ರೂಪಾಯಿಯ ಕಾಫಿಗೆ 55 ಲಕ್ಷ. ಆದರೆ ಸಿಐಎಫ್‌ಗೆ ಸಾಕಾಗುವ ‘ಸಿ’ ವರ್ಗದ ವಿಮೆ ಕಳವು, ಮಳೆನೀರಿನ ಹಾನಿಗಳನ್ನು ಒಳಗೊಳ್ಳದು. ಸಿಐಪಿಗೆ ವಿಸ್ತೃತವಾದ ‘ಎ’ ವರ್ಗ ಬೇಕು. ಎರಡರಲ್ಲೂ ಹೊಣೆ ಹೊರಡುವ ತುದಿಯಲ್ಲೇ ದಾಟುವುದರಿಂದ, ದಾರಿಯಲ್ಲಾದ ಹಾನಿಗೆ ವಿಮಾ ಪರಿಹಾರ ಕೇಳಬೇಕಾದವನು ಆಮದುದಾರ. ಸರಕಿನ ಒಡೆತನ ಯಾವಾಗ ವರ್ಗವಾಗುತ್ತದೆ, ಹಣ ಯಾವಾಗ ಪಾವತಿಯಾಗಬೇಕು ಎಂಬುದನ್ನು ಈ ನಿಯಮಗಳು ಹೇಳುವುದಿಲ್ಲ. ಅವನ್ನು ಕರಾರಿನಲ್ಲಿ ಪ್ರತ್ಯೇಕವಾಗಿ ಬರೆಯಬೇಕು.